ಹಳೆಯ ಟೈಟಲ್‌ಗಳ ರಿಪೇರಿ: ಮುಗಿದ ಆಫರ್‌ಗಳನ್ನು ಹುಡುಕಿ ತೆಗೆಯುತ್ತಿದ್ದೇನೆ

ವಾರ 1

ರಾತ್ರಿ ಆಕಾಶದ ಫೋಟೋ ತೆಗೆಯುವುದು ನನ್ನ ಹವ್ಯಾಸ. ಅದರ ಬಗ್ಗೆ ಯೂಟ್ಯೂಬ್‌ನಲ್ಲಿ 64 ವಿಡಿಯೋ ಹಾಕಿದ್ದೇನೆ. ಈ ಮಳೆಗಾಲ ಪೂರ್ತಿ ಮೋಡ. ಹೊಸದೇನೂ ತೆಗೆಯೋಕೆ ಆಗಲ್ಲ, ಹಳೆಯದನ್ನಾದರೂ ಸರಿ ಮಾಡೋಣ ಅಂತ ಕೂತೆ.

ಕೂರಿಸಿದ್ದು ಒಂದು ಪ್ರಶ್ನೆ. ‘ಸರ್, ಕೂಪನ್ ಹಾಕಿದ್ರೆ ತಗೋತಿಲ್ಲ, ಇನ್ನೂ ಟೈಮ್ ಇದೆಯಲ್ವಾ?’ ಅಂತ ಒಬ್ಬರು ಕೇಳಿದ್ದರು. ಆ ವಿಡಿಯೋ ಹಾಕಿದ್ದು 2021ರಲ್ಲಿ. ಟೈಟಲ್ ಹೀಗಿತ್ತು: ‘ಸ್ಟಾರ್ ಟ್ರ್ಯಾಕರ್ ಮೇಲೆ 40% ಕಡಿತ! ನವೆಂಬರ್ 30 ಕೊನೆ ದಿನ’. ಅವರು ಕೇಳಿದ್ದು ಮೂರು ವರ್ಷ ಆದಮೇಲೆ, ಅದೂ ನವೆಂಬರ್‌ನಲ್ಲೇ. ನಾನು ಇಸವಿ ಬರೆದಿರಲಿಲ್ಲ. ಹಾಗಾಗಿ ಆ ಟೈಟಲ್ ಪ್ರತಿ ವರ್ಷ ನವೆಂಬರ್ ಬಂದಾಗ ಮತ್ತೆ ಜೀವ ಪಡೆಯುತ್ತಿತ್ತು. ಉಳಿದ ಹನ್ನೊಂದು ತಿಂಗಳು ಅದು ಬರೀ ಹಳೆಯ ಸುದ್ದಿ, ಆ ಒಂದು ತಿಂಗಳು ಅಪ್ಪಟ ಸುಳ್ಳು. ಹುಡುಕಿದಾಗ ಪಟ್ಟಿಯಲ್ಲಿ ‘3 ವರ್ಷಗಳ ಹಿಂದೆ’ ಅಂತ ಸಣ್ಣದಾಗಿ ಕಾಣುತ್ತದೆ, ನಿಜ. ಆದರೆ ಟೈಟಲ್‌ನಲ್ಲಿ ದಪ್ಪ ಅಕ್ಷರದಲ್ಲಿ ತಾರೀಖು ಕಂಡವರು ಕೆಳಗಿನ ಸಣ್ಣ ಅಕ್ಷರ ಯಾಕೆ ನೋಡುತ್ತಾರೆ?

ಇನ್ನೊಂದು ಬೇಜಾರು ಏನೆಂದರೆ, ಆ ವಿಡಿಯೋ 22 ನಿಮಿಷದ್ದು. ಅದರಲ್ಲಿ ಆಫರ್ ಬಗ್ಗೆ ಮಾತಾಡಿದ್ದು 42 ಸೆಕೆಂಡ್ ಮಾತ್ರ. ಉಳಿದದ್ದೆಲ್ಲ, ನಕ್ಷತ್ರಗಳು ಸರಿದಂತೆ ಕ್ಯಾಮೆರಾವನ್ನೂ ನಿಧಾನವಾಗಿ ತಿರುಗಿಸುವ ಈ ಟ್ರ್ಯಾಕರನ್ನು ಧ್ರುವ ನಕ್ಷತ್ರಕ್ಕೆ ಸರಿಯಾಗಿ ಹೊಂದಿಸುವುದು ಹೇಗೆ ಅನ್ನುವುದು. ಅದು ಯಾವತ್ತೂ ಹಳತಾಗುವ ವಿಷಯ ಅಲ್ಲ. ಅನಾಲಿಟಿಕ್ಸ್ ತೆಗೆದು ನೋಡಿದೆ. ಜನ ಏನು ಹುಡುಕಿ ಬರುತ್ತಿದ್ದಾರೆ ಅನ್ನುವ ಪಟ್ಟಿಯಲ್ಲಿ ‘ಕೂಪನ್’, ‘ಆಫರ್’ ಇಂಥವೇ ಮೇಲಿದ್ದವು. ಬಂದವರು ಅರ್ಧ ನಿಮಿಷದಲ್ಲಿ ಹೋಗುತ್ತಿದ್ದರು. ಟ್ರ್ಯಾಕರ್ ಹೊಂದಿಸಲಾಗದೆ ಕತ್ತಲಲ್ಲಿ ಒದ್ದಾಡುತ್ತಿದ್ದವರಿಗೆ ಈ ವಿಡಿಯೋ ಇದೆ ಅಂತಲೇ ಗೊತ್ತಾಗಿರಲಿಲ್ಲ, ಯಾಕೆಂದರೆ ಅವರು ಹುಡುಕುವ ಒಂದು ಪದವೂ ಟೈಟಲ್‌ನಲ್ಲಿ ಇರಲಿಲ್ಲ.

ವಾರ 2

64 ಟೈಟಲ್‌ಗಳನ್ನೂ ಒಂದು ಶೀಟ್‌ಗೆ ಹಾಕಿ, ಪಕ್ಕದ ಕಾಲಂನಲ್ಲಿ ಒಂದೇ ಪ್ರಶ್ನೆ ಬರೆದುಕೊಂಡೆ: ಎರಡು ವರ್ಷ ಆದಮೇಲೆ ಓದಿದರೆ ಇದು ಸುಳ್ಳಾಗುತ್ತಾ? 19 ಸಿಕ್ಕವು. ಏಳರಲ್ಲಿ ಆಫರ್, ಐದರಲ್ಲಿ ಬೆಲೆ. ಉಳಿದ ಏಳರಲ್ಲಿ ಅಂಕಿಯೇ ಇಲ್ಲ. ‘ಇವತ್ತು’, ‘ಈ ವಾರ’, ‘ಹೊಸ’, ‘ಕೊನೆಯ ಅವಕಾಶ’ ಅನ್ನುವ ಪದಗಳಿದ್ದವು. ಇವು ವೇಷ ಹಾಕಿದ ತಾರೀಖುಗಳು. ಬರೀ ಅಂಕಿ ಹುಡುಕಿದ್ದರೆ ಇವು ತಪ್ಪಿಸಿಕೊಳ್ಳುತ್ತಿದ್ದವು.

ಆ ಏಳರಲ್ಲಿ ಅತಿ ಕೆಟ್ಟದ್ದು ಇದು: ‘ಇವತ್ತು ರಾತ್ರಿ ಪರ್ಸೀಡ್ ಉಲ್ಕೆಗಳ ಮಳೆ, ಚಂದ್ರನ ಕಾಟವೂ ಇಲ್ಲ!’. 2021ರ ಆಗಸ್ಟ್‌ನಲ್ಲಿ ಹಾಕಿದ್ದು. ಪರ್ಸೀಡ್ ಉಲ್ಕೆಗಳು ಪ್ರತಿ ವರ್ಷ ಆಗಸ್ಟ್ 12-13ರ ಸುಮಾರಿಗೆ ಹೆಚ್ಚಾಗಿ ಬೀಳುತ್ತವೆ. 2021ರಲ್ಲಿ ಅಮಾವಾಸ್ಯೆ ಕಳೆದು ಕೆಲವೇ ದಿನ ಆಗಿತ್ತು. ಸಣ್ಣ ಚಂದ್ರ ಬೇಗ ಮುಳುಗಿದ್ದ, ಆಕಾಶ ಕಪ್ಪಾಗಿತ್ತು. ಮರುವರ್ಷ ಅದೇ ದಿನಗಳಲ್ಲಿ ಹುಣ್ಣಿಮೆ. ಆಗ ನನ್ನ ಟೈಟಲ್ ನಂಬಿ ಹೊರಗೆ ಹೋದವರಿಗೆ ಬೆಳದಿಂಗಳು ಚೆನ್ನಾಗಿ ಸಿಕ್ಕಿರುತ್ತದೆ, ಉಲ್ಕೆ ಅಲ್ಲ. ಈಗ ಅದು ‘ಪರ್ಸೀಡ್ ಉಲ್ಕೆಗಳ ಫೋಟೋ: ಯಾವ ಲೆನ್ಸ್, ಎಷ್ಟು ಎಕ್ಸ್‌ಪೋಶರ್, ಯಾವ ಕಡೆ ಕ್ಯಾಮೆರಾ’. 2021ರ ಮಾತು ಡಿಸ್ಕ್ರಿಪ್ಷನ್‌ಗೆ ಇಳಿಯಿತು.

ಹಾಗಂತ ಎಲ್ಲ ತಾರೀಖನ್ನೂ ಅಳಿಸಿಲ್ಲ. ‘26 ಡಿಸೆಂಬರ್ 2019ರ ಕಂಕಣ ಸೂರ್ಯಗ್ರಹಣ’ ಅನ್ನುವುದನ್ನು ಹಾಗೇ ಬಿಟ್ಟೆ. ಅಲ್ಲಿ ತಾರೀಖೇ ಆ ಗ್ರಹಣದ ಹೆಸರು, ಎಷ್ಟು ವರ್ಷ ಆದರೂ ಅದು ನಿಜವೇ. ಸಾಫ್ಟ್‌ವೇರ್ ಆವೃತ್ತಿಯ ಸಂಖ್ಯೆಯನ್ನೂ ಉಳಿಸಿದೆ. ಹಳೆಯ ಆವೃತ್ತಿಯ ಮೆನುಗಳನ್ನು ತೋರಿಸುವ ವಿಡಿಯೋದಲ್ಲಿ ಆ ಸಂಖ್ಯೆ ಇಲ್ಲದಿದ್ದರೆ, ಹೊಸ ಆವೃತ್ತಿ ಇಟ್ಟುಕೊಂಡವರು ಇಲ್ಲದ ಬಟನ್ ಹುಡುಕುತ್ತಾ ಕೂರುತ್ತಾರೆ.

ನಡುವೆ ಒಂದು ಕಳ್ಳ ಯೋಚನೆಯೂ ಬಂತು. ‘2021ರಲ್ಲಿ ಯಾವ ಲೆನ್ಸ್ ಕೊಳ್ಳಬೇಕು’ ಅನ್ನುವುದರಲ್ಲಿ ಇಸವಿಯನ್ನು ಮಾತ್ರ ಬದಲಿಸಿದರೆ? ಒಂದು ಸೆಕೆಂಡಿನ ಕೆಲಸ. ಆದರೆ ನಾನು ಹೊಗಳಿದ ಮೂರರಲ್ಲಿ ಒಂದು ಲೆನ್ಸ್ ಈಗ ತಯಾರಾಗುವುದೇ ಇಲ್ಲ. ಒಳಗಿನ ಮಾತು ಅದೇ ಇದ್ದು ಹೊರಗೆ ಹೊಸ ಇಸವಿ ಅಂಟಿಸುವುದು ಹಳೆಯ ಆಫರ್‌ಗಿಂತ ದೊಡ್ಡ ಮೋಸ. ಇಸವಿ ತೆಗೆದು, ‘ನಕ್ಷತ್ರಗಳ ಫೋಟೋಗೆ ಲೆನ್ಸ್ ಆರಿಸುವಾಗ ನಾನು ನೋಡುವ ಮೂರು ವಿಷಯ’ ಅಂತ ಬರೆದೆ.

ವಾರ 3

ಬೆಲೆ ಇರುವ ಐದನ್ನು ಕೈಗೆತ್ತಿಕೊಂಡೆ. ಇವು ಅಂದುಕೊಂಡಷ್ಟು ಸುಲಭ ಇರಲಿಲ್ಲ. ‘ಇಷ್ಟರೊಳಗೆ ಬರುವ ಮೊದಲ ಟೆಲಿಸ್ಕೋಪ್’ ಅನ್ನುವುದರಲ್ಲಿ ಬೆಲೆ ಕಿತ್ತರೆ ಉಳಿಯುವುದು ‘ಮೊದಲ ಟೆಲಿಸ್ಕೋಪ್’. ಅದು ಯಾರ ವಿಡಿಯೋ ಬೇಕಾದರೂ ಆಗಬಹುದು. ಬೆಲೆ ಜಾಗಕ್ಕೆ ‘ಅಗ್ಗದ’ ಅಂತ ಹಾಕಿದೆ. ಅದೂ ಸರಿ ಬರಲಿಲ್ಲ, ಬೆಲೆ ಏರಿದ ದಿನ ಅದೂ ಸುಳ್ಳೇ.

ಆಮೇಲೆ ಹೊಳೆಯಿತು. ಅದು ಯಾಕೆ ಅಗ್ಗ ಅನ್ನುವುದನ್ನೇ ಬರೆದರೆ ಆಯಿತು. ಅದರಲ್ಲಿ ಮೋಟಾರ್ ಇಲ್ಲ, ಎತ್ತರದ ಸ್ಟ್ಯಾಂಡ್ ಇಲ್ಲ, ಮೇಜಿನ ಮೇಲೆ ಇಟ್ಟು ಕೈಯಲ್ಲಿ ತಿರುಗಿಸಬೇಕು. ಈಗಿನ ಟೈಟಲ್: ‘ಮೊದಲ ಟೆಲಿಸ್ಕೋಪ್: ಮೇಜಿನ ಮೇಲೆ ಇಡುವ 130 ಮಿ.ಮೀ. ಡಾಬ್ಸೋನಿಯನ್ ಸಾಕಾ?’. ಬೆಲೆ ಏರಲಿ ಇಳಿಯಲಿ, ಕನ್ನಡಿಯ ಅಗಲ 130 ಮಿ.ಮೀ. ಆಗಿಯೇ ಇರುತ್ತದೆ. ಸಣ್ಣ ಬಜೆಟ್‌ನವರು ಹುಡುಕುವುದೂ ಇಂಥದ್ದನ್ನೇ.

ಯೂಟ್ಯೂಬ್ ಟೈಟಲ್‌ಗೆ 100 ಅಕ್ಷರದ ಮಿತಿ ಇದೆ. ಕನ್ನಡದಲ್ಲಿ ಅದು ಬೇಗ ತುಂಬುತ್ತದೆ. ನಮ್ಮ ಕಣ್ಣಿಗೆ ‘ಟ್ರ್ಯಾ’ ಒಂದೇ ಅಕ್ಷರ, ಕಂಪ್ಯೂಟರ್ ಲೆಕ್ಕದಲ್ಲಿ ಅದು ಆರು. ಫೋನಿನಲ್ಲಂತೂ ಉದ್ದದ ಟೈಟಲ್‌ನ ಬಾಲ ಕಾಣುವುದೇ ಇಲ್ಲ. ‘40% ಕಡಿತ’ ಮುಂದೆ ಕೂತಿದ್ದರೆ ನಿಜವಾದ ವಿಷಯ ಆ ಬಾಲದಲ್ಲಿ ಮರೆಯಾಗುತ್ತದೆ.

ವಾರ 4

ಟೈಟಲ್ ಬದಲಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ.

ಬೇರೆ ಊರಿನ ಗೆಳೆಯ ಫೋನ್ ಮಾಡಿ, ‘ಏನೋ, ಬದಲಿಸಿದ್ದೀನಿ ಅಂತೀಯಾ, ನಂಗಿನ್ನೂ ಆಫರೇ ಕಾಣ್ತಿದೆಯಲ್ಲೋ’ ಅಂದ. ಸ್ಕ್ರೀನ್‌ಶಾಟ್ ಕಳಿಸಿದ. ಟೈಟಲ್ ಇಂಗ್ಲಿಷ್‌ನಲ್ಲಿತ್ತು. ಆಗ ನೆನಪಾಯಿತು, ಹಿಂದೊಮ್ಮೆ ಉತ್ಸಾಹದಲ್ಲಿ ಎಲ್ಲ ವಿಡಿಯೋಗಳಿಗೂ ಇಂಗ್ಲಿಷ್ ಅನುವಾದದ ಟೈಟಲ್ ಸೇರಿಸಿದ್ದೆ. ಮೂಲ ಟೈಟಲ್ ಬದಲಿಸಿದರೆ ಅನುವಾದ ತಾನಾಗಿ ಬದಲಾಗುವುದಿಲ್ಲ, ಅದು ಬೇರೆಯೇ ಜಾಗದಲ್ಲಿ ಕೂತಿರುತ್ತದೆ. ಫೋನನ್ನು ಇಂಗ್ಲಿಷ್‌ನಲ್ಲಿ ಇಟ್ಟುಕೊಂಡವರಿಗೆಲ್ಲ ಹಳೆಯದೇ ಕಾಣುತ್ತಿತ್ತು. ನನ್ನ ಫೋನ್ ಕನ್ನಡದಲ್ಲಿ ಇರುವುದರಿಂದ ನನಗೆ ಗೊತ್ತೇ ಆಗಲಿಲ್ಲ.

ಥಂಬ್‌ನೇಲ್‌ನಲ್ಲೂ ಕೆಂಪು ವೃತ್ತದೊಳಗೆ ‘40%’ ಇತ್ತು. ಅದನ್ನು ಹೊಸದಾಗಿ ಮಾಡಿ ಹಾಕಿದೆ. ಇನ್ನು ಉಳಿದದ್ದು ವಿಡಿಯೋ ಒಳಗೆ ನಾನೇ ಆಡಿದ 42 ಸೆಕೆಂಡ್ ಮಾತು. ಹಾಕಿದ ವಿಡಿಯೋ ತೆಗೆದು ಅದೇ ಲಿಂಕ್‌ನಲ್ಲಿ ಇನ್ನೊಂದು ಫೈಲ್ ಇಡೋಕೆ ಆಗಲ್ಲ. ಆದರೆ ಯೂಟ್ಯೂಬ್ ಸ್ಟುಡಿಯೋದ ಎಡಿಟರ್‌ನಲ್ಲಿ ನಡುವಿನ ತುಂಡನ್ನು ಕತ್ತರಿಸಬಹುದು. ಲಿಂಕ್, ವೀಕ್ಷಣೆಗಳ ಲೆಕ್ಕ ಎರಡೂ ಉಳಿಯುತ್ತವೆ. ಕತ್ತರಿಸಿ ಉಳಿಸಿದೆ. ಮರುದಿನ ನೋಡಿದರೆ ಅಧ್ಯಾಯಗಳೆಲ್ಲ ಅಸ್ತವ್ಯಸ್ತ! ಡಿಸ್ಕ್ರಿಪ್ಷನ್‌ನಲ್ಲಿ ಕೈಯಾರೆ ಬರೆದ ಸಮಯಗಳು ಹಳೆಯ ಲೆಕ್ಕದಲ್ಲೇ ಇದ್ದವು. ಕತ್ತರಿ ಬಿದ್ದ ಜಾಗದ ನಂತರದ ಪ್ರತಿಯೊಂದರಿಂದಲೂ 42 ಸೆಕೆಂಡ್ ಕಳೆಯಬೇಕಾಯಿತು. 02:10ಕ್ಕಿದ್ದ ‘ಟ್ರೈಪಾಡ್ ಮಟ್ಟ ಮಾಡುವುದು’ 01:28ಕ್ಕೆ ಬಂತು.

ಪೂರ್ತಿ ಆಫರ್ ಬಗ್ಗೆಯೇ ಇದ್ದ ಎರಡು ಪುಟ್ಟ ವಿಡಿಯೋಗಳಿಗೆ ಯಾವ ಟೈಟಲ್ ಕೊಟ್ಟರೂ ಪ್ರಯೋಜನವಿಲ್ಲ. ಅವನ್ನು ‘ಅನ್‌ಲಿಸ್ಟೆಡ್’ ಮಾಡಿದೆ. ಲಿಂಕ್ ಇದ್ದವರಿಗೆ ತೆರೆಯುತ್ತದೆ, ಹುಡುಕಿದರೆ ಸಿಗುವುದಿಲ್ಲ.

ವಾರ 6

ಅದೇ ಗೆಳೆಯನ ವಾದ: ‘ಆಫರ್ ಟೈಟಲ್‌ನಲ್ಲಿ ಇದ್ರೆ ಮೊದಲ ವಾರ ಜನ ಜಾಸ್ತಿ ಬರ್ತಾರೆ. ವಾರ ಆದ್ಮೇಲೆ ಬದಲಿಸಿದ್ರಾಯ್ತು.’ ಜನ ಬರುತ್ತಾರೆ ಅನ್ನುವುದು ಸುಳ್ಳಲ್ಲ. ಒಂದು ಹೊಸ ವಿಡಿಯೋದಲ್ಲಿ ಪರೀಕ್ಷೆ ಮಾಡಿದೆ. ಆಫರ್ ಮುಗಿದ ಮರುದಿನಕ್ಕೆ ಫೋನಿನಲ್ಲಿ ಅಲಾರಂ ಇಟ್ಟು, ಆ ದಿನವೇ ಟೈಟಲ್ ಬದಲಿಸಿದೆ. ಆದರೆ ಅಷ್ಟರಲ್ಲಿ ಯಾರೋ ಅದನ್ನು ಎರಡು ದೊಡ್ಡ ಚಾಟ್ ಗುಂಪುಗಳಿಗೆ ಕಳಿಸಿದ್ದರು. ಚಾಟ್‌ನಲ್ಲಿ ಲಿಂಕ್ ಜೊತೆ ಕಾಣುವ ಟೈಟಲ್ ಮತ್ತು ಚಿತ್ರ ಕಳಿಸಿದ ಕ್ಷಣದಲ್ಲಿ ಹೇಗಿತ್ತೋ ಹಾಗೇ ಉಳಿಯುತ್ತದೆ. ಅಲ್ಲಿ ಹುಡುಕಿದವರಿಗೆ ಇವತ್ತೂ ಹಳೆಯದೇ ಸಿಗುತ್ತದೆ, ನಾನು ಏನೂ ಮಾಡುವ ಹಾಗಿಲ್ಲ.

ಆದ್ದರಿಂದ ಆಫರ್ ಹೇಳಲೇಬೇಕಾದರೆ ಈಗ ಎರಡು ಜಾಗ ಇಟ್ಟುಕೊಂಡಿದ್ದೇನೆ. ಒಂದು, 24 ಗಂಟೆಯಲ್ಲಿ ತಾನೇ ಮಾಯವಾಗುವ ಇನ್‌ಸ್ಟಾಗ್ರಾಂ ಸ್ಟೋರಿ. ಇನ್ನೊಂದು, ವಿಡಿಯೋದ ಡಿಸ್ಕ್ರಿಪ್ಷನ್. ಅಲ್ಲಿ ದಿನ, ತಿಂಗಳ ಜೊತೆ ಇಸವಿಯನ್ನೂ ಬರೆಯುತ್ತೇನೆ. ಅಲಾರಂ ಕೈಕೊಟ್ಟು ಅಳಿಸಲು ಮರೆತರೂ, ಓದಿದವರಿಗೆ ಮುಗಿದುಹೋಗಿದೆ ಅಂತ ತಿಳಿಯುತ್ತದೆ.

ವಾರ 10

ಟ್ರ್ಯಾಕರ್ ವಿಡಿಯೋದ ಈಗಿನ ಟೈಟಲ್: ‘ಸ್ಟಾರ್ ಟ್ರ್ಯಾಕರನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸುವುದು ಹೇಗೆ’. ವೀಕ್ಷಣೆಗಳ ಸಂಖ್ಯೆ ಹೆಚ್ಚೇನೂ ಏರಿಲ್ಲ. ಆದರೆ ಸರಾಸರಿ ನೋಡುವ ಸಮಯ ಮೊದಲು ಮೂರು ನಿಮಿಷ ದಾಟುತ್ತಿರಲಿಲ್ಲ, ಈಗ ಎಂಟರ ಹತ್ತಿರ ಬಂದಿದೆ. ಆಫರ್ ಮಾತನ್ನೂ ಕತ್ತರಿಸಿದ್ದೇನೆ, ಥಂಬ್‌ನೇಲ್ ಕೂಡ ಬೇರೆ. ಹಾಗಾಗಿ ಎಲ್ಲ ಪುಣ್ಯ ಟೈಟಲ್‌ಗೇ ಕೊಡೋಕೆ ಆಗಲ್ಲ. ಹುಡುಕು ಪದಗಳ ಪಟ್ಟಿಯಲ್ಲಿ ‘ಕೂಪನ್’ ಕೆಳಗಿಳಿದಿದೆ, ‘ಟ್ರ್ಯಾಕರ್ ಅಲೈನ್‌ಮೆಂಟ್’ ಮೇಲೆ ಬಂದಿದೆ. ನನಗೆ ಬೇಕಿದ್ದದ್ದು ಅದೇ.

19ರಲ್ಲಿ 18 ಮುಗಿದಿವೆ. ಉಳಿದ ಒಂದರಲ್ಲಿ ಎರಡು ಟ್ರೈಪಾಡ್‌ಗಳ ಬೆಲೆಯನ್ನು ಪ್ರತಿ ಎರಡು ವಾಕ್ಯಕ್ಕೊಮ್ಮೆ ಹೇಳಿದ್ದೇನೆ. ಎಲ್ಲಿ ಕತ್ತರಿಸಿದರೂ ಮಾತು ತುಂಡಾಗುತ್ತದೆ. ಮೋಡ ಸರಿದಮೇಲೆ ಅದನ್ನು ಮತ್ತೆ ಚಿತ್ರೀಕರಿಸಬೇಕು, ಈ ಸಲ ಬೆಲೆಯ ಬದಲು ಟ್ರೈಪಾಡ್ ಎಷ್ಟು ಕಿಲೋ ಹೊರುತ್ತದೆ ಅಂತ ಹೇಳುತ್ತಾ.