‘ಛಲೋ ಹೇಳ್ತಾರ್ರಿ’ ಎಂಬುದರಾಚೆ: ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಏನು ಕೇಳಬೇಕು?

“ಮೇಡಂ, ಪ್ರತಿ ಸೆಮಿಸ್ಟರ್ ಫೀಡ್‌ಬ್ಯಾಕ್ ಫಾರ್ಮ್ ಕೊಡ್ತೀವ್ರಿ. ಎಲ್ಲಾರೂ ‘ವೆರಿ ಗುಡ್’ಗೆ ಟಿಕ್ ಹಾಕಿ, ಕೆಳಗ ‘ಛಲೋ ಹೇಳ್ತಾರ್ರಿ’ ಅಂತ ಬರೀತಾರ. ಓದಿದ್ರ ಖುಷಿ ಆಗ್ತದ, ಆದ್ರ ಏನ್ ಬದಲ್ ಮಾಡಬೇಕು ಗೊತ್ತಾಗಂಗಿಲ್ಲ. ಫಾರ್ಮ್ ಹೆಂಗ್ ಮಾಡಬೇಕ್ರಿ?”

ನಿಮ್ಮ ಬಗ್ಗೆ ಕೇಳುವುದನ್ನು ಕಡಿಮೆ ಮಾಡಿ. ಕಲಿಯುವಾಗ ವಿದ್ಯಾರ್ಥಿಗೆ ಏನಾಯಿತು, ಎಲ್ಲಿ ನಿಂತುಹೋಯಿತು ಅಂತ ಕೇಳಿ. ಅದನ್ನೂ ಸೆಮಿಸ್ಟರ್ ಮುಗಿದ ಮೇಲೆ ಕೇಳಬೇಡಿ, ನಡುವೆಯೇ ಕೇಳಿ.

ನಾನು ವಿಜಯಪುರದಲ್ಲಿ ಬಿ.ಕಾಂ. ಮಕ್ಕಳಿಗೆ ಕಾಸ್ಟ್ ಅಕೌಂಟಿಂಗ್ ಹೇಳಿಕೊಡುತ್ತೇನೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯಿಂದ ಬಸ್ಸಿನಲ್ಲಿ ಬರುವವರೇ ಜಾಸ್ತಿ. ಇವರಿಗೆ ಹೇಳುವುದಕ್ಕೆ ಏನೂ ಇಲ್ಲ ಅಂತಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾವ ಲೆಕ್ಕ ತಲೆಗೆ ಹೋಗಲಿಲ್ಲ, ಯಾರು ಬೋರ್ಡ್ ಬೇಗ ಒರೆಸುತ್ತಾರೆ ಅಂತ ಬೇಕಾದಷ್ಟು ಮಾತಾಡುತ್ತಾರೆ. ಫಾರ್ಮ್ ಕೈಗೆ ಬಂದರೆ ಮಾತ್ರ ಬರೆಯುವುದಿಲ್ಲ. ಗುರುಗಳ ಬಗ್ಗೆ ಕೆಟ್ಟದ್ದು ಬರೀಬಾರದು ಎಂಬ ಸಂಕೋಚ ಒಂದು ಕಡೆ, ಇಂಟರ್ನಲ್ ಮಾರ್ಕ್ಸ್ ಭಯ ಇನ್ನೊಂದು ಕಡೆ. ಇದರ ಮೇಲೆ ನಾವು ಕೇಳುವ ರೀತಿಯೂ ಹಾಗೇ ಇರುತ್ತದೆ. ‘ಶಿಕ್ಷಕರ ಬೋಧನೆ ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತಲೇ ಬರುತ್ತದೆ. ಬೇರೆ ಏನು ಬರೋಕೆ ಸಾಧ್ಯ?

ಆದ್ದರಿಂದ ಪ್ರಶ್ನೆ ಬರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಪ್ರಶ್ನೆ, ಬಲಗಡೆ ‘ಇದಕ್ಕೆ ಹೀಗೆ ಉತ್ತರ ಬಂದರೆ ನಾನು ಇದನ್ನು ಬದಲಿಸುತ್ತೇನೆ’ ಅಂತ ಬರೆಯಿರಿ. ಬಲಗಡೆ ಏನೂ ತೋಚದಿದ್ದರೆ ಆ ಪ್ರಶ್ನೆ ಹೊಡೆದುಹಾಕಿ. ‘ಶಿಕ್ಷಕರ ವಿಷಯ ಜ್ಞಾನ ಹೇಗಿದೆ?’ ಎಂಬ ಪ್ರಶ್ನೆ ಇಲ್ಲೇ ಬಿದ್ದುಹೋಗುತ್ತದೆ. ಈಗಷ್ಟೇ ಆ ವಿಷಯ ಕಲಿಯುತ್ತಿರುವವರು ಅದನ್ನು ಅಳೆಯಲು ಆಗಲ್ಲ, ‘ಉತ್ತಮ’ ಅಂತ ಬಂದರೂ ನಾವು ಏನೂ ಮಾಡಲು ಆಗಲ್ಲ. ‘ಶಿಕ್ಷಕರು ಸಮಯಕ್ಕೆ ಬಂದು ಅರ್ಥವಾಗುವಂತೆ ಪಾಠ ಮಾಡುತ್ತಾರೆ’ ಎಂಬುದೂ ಹೋಗಬೇಕು, ಯಾಕೆಂದರೆ ಅದು ಎರಡು ಪ್ರಶ್ನೆ. ಸಮಯಕ್ಕೆ ಬರುತ್ತಾರೆ, ಆದರೆ ಅರ್ಥ ಆಗಲ್ಲ ಅನ್ನುವವರು ಎಲ್ಲಿ ಟಿಕ್ ಹಾಕಬೇಕು?

ನ್ಯಾಕ್‌ನ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ನೀವೆಲ್ಲ ನೋಡಿರುತ್ತೀರಿ. ಇಪ್ಪತ್ತು ಟಿಕ್ ಪ್ರಶ್ನೆ, ಕೊನೆಗೆ ಸಲಹೆಗೆ ಒಂದು ಜಾಗ. ಅದು ಇಡೀ ಸಂಸ್ಥೆಯ ಚಿತ್ರ ಕೊಡಲು ಮಾಡಿದ್ದು, ನಿಮ್ಮ ಪೇಪರ್ ಸರಿಮಾಡಲು ಅಲ್ಲ. ಎರಡನ್ನೂ ಒಂದೇ ಫಾರ್ಮ್‌ಗೆ ತುರುಕಬೇಡಿ. ಆದರೆ ಅದರ ಮೊದಲ ಪ್ರಶ್ನೆಯಿಂದ ಕಲಿಯುವುದಿದೆ. ಸಿಲಬಸ್ ಎಷ್ಟು ಮುಗಿದಿದೆ ಅಂತ ಕೇಳಿ, ಶೇ. 85ರಿಂದ 100, ಶೇ. 70ರಿಂದ 84 ಅಂತ ಆಯ್ಕೆ ಕೊಟ್ಟಿದ್ದಾರೆ. ಟಿಕ್ ಹಾಕುವವರು ಮೆಚ್ಚಬೇಕಾಗಿಲ್ಲ, ನೆನಪಿಸಿಕೊಂಡರೆ ಸಾಕು. ನಮ್ಮ ಪ್ರಶ್ನೆಗಳೂ ಹೀಗೇ ಇರಬೇಕು. ‘ಆಗಾಗ ಉದಾಹರಣೆ ಕೊಡುತ್ತಾರೆಯೇ?’ ಅಂದರೆ ಒಬ್ಬರ ಆಗಾಗ ದಿನಕ್ಕೊಮ್ಮೆ, ಇನ್ನೊಬ್ಬರದು ತಿಂಗಳಿಗೊಮ್ಮೆ. ‘ಕಳೆದ 2 ವಾರದಲ್ಲಿ ಎಷ್ಟು ಸಲ ಬೋರ್ಡಿನ ಲೆಕ್ಕ ಪೂರ್ತಿ ಬರೆದುಕೊಳ್ಳುವ ಮೊದಲೇ ಒರೆಸಿದ್ದರು? ಒಮ್ಮೆಯೂ ಇಲ್ಲ, 1–2 ಸಲ, 3 ಅಥವಾ ಅದಕ್ಕಿಂತ ಜಾಸ್ತಿ’ ಅಂದರೆ ಎಲ್ಲರಿಗೂ ಒಂದೇ ಅರ್ಥ.

ಕಣ್ಣು ಮುಚ್ಚಿ ಒಂದೇ ಸಾಲಿಗೆ ಟಿಕ್ ಹಾಕುವುದನ್ನು ತಡೆಯಲು ಇನ್ನೊಂದು ದಾರಿ ಇದೆ. ಕೆಲವು ಪ್ರಶ್ನೆಗೆ ಒಳ್ಳೆಯ ಉತ್ತರ ನಡುವೆ ಇರುವಂತೆ ಮಾಡಿ. ಪಾಠದ ವೇಗ: ತುಂಬಾ ನಿಧಾನ, ಸ್ವಲ್ಪ ನಿಧಾನ, ಸರಿಯಾಗಿದೆ, ಸ್ವಲ್ಪ ಜೋರು, ತುಂಬಾ ಜೋರು. ಇಲ್ಲಿ ತುದಿಗೆ ಟಿಕ್ ಹಾಕಿದರೆ ಅದು ಹೊಗಳಿಕೆ ಆಗುವುದಿಲ್ಲ, ಹಾಗಾಗಿ ಓದಲೇಬೇಕು. ಇದನ್ನು ಎಣಿಸುವಾಗ ಸರಾಸರಿ ಮಾತ್ರ ತೆಗೆಯಬೇಡಿ. ಅರ್ಧ ಜನ ನಿಧಾನ, ಅರ್ಧ ಜನ ಜೋರು ಅಂದರೂ ಸರಾಸರಿ ‘ಸರಿಯಾಗಿದೆ’ ಅಂತಲೇ ಬರುತ್ತದೆ. ಯಾವ ಆಯ್ಕೆಗೆ ಎಷ್ಟು ಟಿಕ್ ಬಿದ್ದಿವೆ ಅಂತ ನೋಡಿ.

ಇಂಥ ಟಿಕ್ ಪ್ರಶ್ನೆ ನಾಲ್ಕೈದು ಸಾಕು. ನಿಜವಾದ ಕೆಲಸ ಬರೆಯುವ ಪ್ರಶ್ನೆಯಲ್ಲಿದೆ. ‘ಸಲಹೆಗಳಿದ್ದರೆ ಬರೆಯಿರಿ’ ಅಂತ ಕೊನೆಗೆ ಒಂದು ಗೆರೆ ಹಾಕಿದರೆ ‘ನೋ ಸಜೆಶನ್ಸ್’ ಬರುತ್ತದೆ. ಟಿಕ್ ಹಾಕಿ ಹಾಕಿ ಸಾಕಾದವರು ಇನ್ನೇನು ಬರೆಯುತ್ತಾರೆ? ಬರೆಯುವ ಪ್ರಶ್ನೆಯನ್ನು ಮೇಲೆ, ಮೊದಲಿಗೇ ಇಡಿ. ಪಾಠದ ಹೆಸರು ಹಿಡಿದು ಕೇಳಿ. ನನ್ನ ಫಾರ್ಮ್‌ನ ಮೊದಲ ಪ್ರಶ್ನೆ ಹೀಗಿದೆ: ‘ಪ್ರೊಸೆಸ್ ಕಾಸ್ಟಿಂಗ್‌ನಲ್ಲಿ ಪುಸ್ತಕ ಮುಚ್ಚಿ ಒಬ್ಬರೇ ಕೂತರೆ ಯಾವ ಹೆಜ್ಜೆಯಲ್ಲಿ ನಿಂತುಬಿಡುತ್ತೀರಿ? ಆ ಹೆಜ್ಜೆ ಬರೆಯಿರಿ. ನಿಮ್ಮ ಮಾತಿನಲ್ಲೇ ಬರೆಯಿರಿ.’

ಇದಕ್ಕೆ ಬಂದ ಉತ್ತರ ತೋರಿಸುತ್ತೇನೆ. ತರಗತಿಯಲ್ಲಿ ಮಾಡಿದ ಲೆಕ್ಕ ಇಷ್ಟು: ಒಂದು ಪ್ರಕ್ರಿಯೆಗೆ 1,000 ಕೆ.ಜಿ. ಮಾಲು ಹಾಕಿದೆ, ಒಟ್ಟು ಖರ್ಚು 19,000 ರೂ. ಮಾಮೂಲಿ ನಷ್ಟ ಶೇ. 10, ಅಂದರೆ 100 ಕೆ.ಜಿ. ಅದನ್ನು ಗುಜರಿಗೆ ಮಾರಿದರೆ ಕೆ.ಜಿ.ಗೆ 10 ರೂ.ನಂತೆ 1,000 ರೂ. ಬರುತ್ತದೆ. ಹೊರಬಂದ ಮಾಲು 880 ಕೆ.ಜಿ. ಹಾಗಾದರೆ ಅಬ್‌ನಾರ್ಮಲ್ ನಷ್ಟ, ಅಂದರೆ ಮಾಮೂಲಿಗಿಂತ ಜಾಸ್ತಿ ಹೋದದ್ದು, 20 ಕೆ.ಜಿ. ಅದಕ್ಕೆ ಬೆಲೆ ಕಟ್ಟಬೇಕು. 19,000ದಲ್ಲಿ 1,000 ಕಳೆದು, 900ರಿಂದ ಭಾಗಿಸಿದರೆ ಕೆ.ಜಿ.ಗೆ 20 ರೂ., ಒಟ್ಟು 400 ರೂ.

ಫಾರ್ಮ್‌ನಲ್ಲಿ ಒಬ್ಬರು ಬರೆದಿದ್ದರು: ‘1000 ಹಾಕೀವಿ, 880 ಬಂದದ. ನಡುವ 900 ಎಲ್ಲಿಂದ ಬಂತು ತಿಳೀಲಿಲ್ರಿ. ಸೂತ್ರ ಬಾಯಿಪಾಠ ಮಾಡೀನಿ.’ ಅರ್ಧಕ್ಕಿಂತ ಜಾಸ್ತಿ ಜನ ಬೇರೆ ಬೇರೆ ಮಾತಿನಲ್ಲಿ ಇದನ್ನೇ ಬರೆದಿದ್ದರು. ಟೆಸ್ಟ್ ಪೇಪರಿನಲ್ಲಿ ಕೆಲವರು 18 ರೂ. ಅಂತ ಯಾಕೆ ಬರೆದಿದ್ದರು ಎಂಬುದಕ್ಕೂ ಇಲ್ಲೇ ಉತ್ತರ ಸಿಕ್ಕಿತು: 18,000ವನ್ನು 1,000ದಿಂದ ಭಾಗಿಸಿದ್ದರು. ಇದೇ ಮಕ್ಕಳು ಟಿಕ್ ಪ್ರಶ್ನೆಯಲ್ಲಿ ಪಾಠ ಅರ್ಥವಾಗುತ್ತದೆ ಅಂದಿದ್ದರು. ಸುಳ್ಳೇನೂ ಅಲ್ಲ. ಬೋರ್ಡ್ ಮೇಲೆ ನೋಡುವಾಗ ಅರ್ಥವಾಗಿತ್ತು.

ಮುಂದಿನ ತರಗತಿಯಲ್ಲಿ ಸೂತ್ರ ಮುಟ್ಟಲಿಲ್ಲ. ಶೇಂಗಾ ಸುಲಿಯುವುದರಿಂದ ಶುರುಮಾಡಿದೆ. ಸುಲಿದರೆ ಸಿಪ್ಪೆ ಹೋಗೇ ಹೋಗುತ್ತದೆ, ಅದು ಮೊದಲೇ ಗೊತ್ತು, ಹಾಗಾಗಿ ಅದರ ಖರ್ಚನ್ನು ಬೀಜದ ದರವೇ ಹೊರಬೇಕು. ಸಿಪ್ಪೆ ಮಾರಿ ಬಂದ ದುಡ್ಡು ಕಳೆಯಬೇಕು. ಬರಬೇಕಾಗಿದ್ದ ಬೀಜದಲ್ಲಿ ಒಂದಿಷ್ಟು ಚೆಲ್ಲಿಹೋದರೆ ಅದಕ್ಕೂ ಒಳ್ಳೆಯ ಬೀಜದ ದರವೇ. 900 ಅಂದರೆ ಬರಬೇಕಾಗಿದ್ದದ್ದು, 880 ಅಂದರೆ ಬಂದದ್ದು. ಇಷ್ಟು ಹೇಳಿ, ಅಂಕಿ ಬದಲಿಸಿ ಅದೇ ಲೆಕ್ಕ ಕೊಟ್ಟೆ. ಫಾರ್ಮ್‌ನಿಂದ ಉಪಯೋಗ ಆಯಿತೋ ಇಲ್ಲವೋ ಅಂತ ತಿಳಿಯುವುದು ಇಂಥ ಲೆಕ್ಕದಿಂದಲೇ. ಎರಡನೇ ಸಲವೂ ಅದೇ ತಪ್ಪು ಬಂದರೆ ನಾವು ಬದಲಿಸಿದ್ದು ಸರಿಯಾದ ಜಾಗವಲ್ಲ.

ಇದೆಲ್ಲ ಆಗಬೇಕಾದರೆ ಫಾರ್ಮ್ ಐದಾರನೇ ವಾರದಲ್ಲಿ ಬರಬೇಕು. ಮೊದಲ ಇಂಟರ್ನಲ್ ಟೆಸ್ಟ್ ಪೇಪರ್ ವಾಪಸ್ ಕೊಟ್ಟ ಮೇಲೆ ಒಳ್ಳೆಯ ಸಮಯ. ಎಲ್ಲಿ ಎಡವಿದೆವು ಅಂತ ಅವರಿಗೆ ಆಗಷ್ಟೇ ಗೊತ್ತಾಗಿರುತ್ತದೆ, ಬದಲಾವಣೆಯ ಲಾಭವೂ ಅವರಿಗೇ ಸಿಗುತ್ತದೆ. ಸೆಮಿಸ್ಟರ್ ಕೊನೆಗೆ ಕೇಳಿದರೆ ಲಾಭ ಮುಂದಿನ ಬ್ಯಾಚಿಗೆ. ತನಗೆ ಬಾರದ ಲಾಭಕ್ಕೆ ಯಾರು ಕೂತು ಬರೆಯುತ್ತಾರೆ? ತರಗತಿಯಲ್ಲೇ, ಪೀರಿಯಡ್ ಶುರುವಿನಲ್ಲಿ ಹತ್ತು ನಿಮಿಷ ಕೊಡಿ. ಕೊನೆಯಲ್ಲಿ ಕೊಟ್ಟರೆ ಬಸ್ ಹಿಡಿಯುವ ಗಡಿಬಿಡಿ. ನೀವು ಹೊರಗೆ ಹೋಗಿ. ಒಬ್ಬ ವಿದ್ಯಾರ್ಥಿ ಹಾಳೆ ಕೂಡಿಸಿ ಲಕೋಟೆಯಲ್ಲಿ ಹಾಕಿಡಲಿ.

ಹೆಸರು, ರಿಜಿಸ್ಟರ್ ನಂಬರ್ ಬೇಡವೇ ಬೇಡ. ಕೈಬರಹ ಗುರುತು ಸಿಗುತ್ತದೆ ಅಂತ ಹೆದರುವವರಿರುತ್ತಾರೆ. ಅವರಿಗಾಗಿ ಗೂಗಲ್ ಫಾರ್ಮ್ ಮಾಡಿದರೆ ಸೆಟ್ಟಿಂಗ್ಸ್‌ನಲ್ಲಿ Collect email addresses ಎಂಬುದು Do not collect ಆಗಿರಬೇಕು. Limit to 1 response ಆಫ್ ಇರಲಿ. ಅದು ಆನ್ ಇದ್ದರೆ ಲಾಗಿನ್ ಕೇಳುತ್ತದೆ. ಇಮೇಲ್ ನಮಗೆ ಬಾರದಿದ್ದರೂ, ತಮ್ಮ ಅಕೌಂಟ್ ಪರದೆ ಮೇಲೆ ಕಂಡ ಕೂಡಲೇ ಮಕ್ಕಳು ‘ವೆರಿ ಗುಡ್’ಗೆ ವಾಪಸ್ ಹೋಗುತ್ತಾರೆ. ಒಬ್ಬಿಬ್ಬರು ಎರಡು ಸಲ ತುಂಬಿದರೆ ತುಂಬಲಿ, ಅದರಿಂದ ಅಷ್ಟೇನೂ ಹಾಳಾಗದು. ಯಾವ ಊರು, ಹುಡುಗ-ಹುಡುಗಿ, ಪಿಯುಸಿಯಲ್ಲಿ ಯಾವ ಮಾಧ್ಯಮ ಅಂತ ಕೇಳಬೇಕೆನಿಸಿದರೆ ಯೋಚಿಸಿ. ಮೂರೂ ಕೇಳಿದರೆ ಚಿಕ್ಕ ತರಗತಿಯಲ್ಲಿ ಆ ಮೂರೂ ಹೊಂದುವವರು ಒಬ್ಬರೇ ಇರಬಹುದು.

ಬಂದ ಉತ್ತರಗಳನ್ನು ನಾನು ಮೂರು ಗುಂಪು ಮಾಡುತ್ತೇನೆ: ಈ ಸೆಮಿಸ್ಟರಿನಲ್ಲೇ ಬದಲಿಸಬಹುದಾದದ್ದು, ಮುಂದಿನ ಸಲಕ್ಕೆ, ಮತ್ತು ನನ್ನ ಕೈಯಲ್ಲಿಲ್ಲದ್ದು. ಸಿಲಬಸ್ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದ್ದು, ಒಂದು ಘಟಕ ಬಿಟ್ಟುಬಿಡಿ ಅಂದರೆ ಬಿಡಲು ಆಗಲ್ಲ. ಮುಂದಿನ ತರಗತಿಯಲ್ಲಿ ಐದು ನಿಮಿಷ ಇದನ್ನೇ ಹೇಳಿ. ‘ನೀವು 900 ಬಗ್ಗೆ ಕೇಳಿದ್ರಿ, ಇವತ್ತು ಅದೇ. ಬೋರ್ಡ್ ಒರೆಸುವ ಮೊದಲು ಕೇಳಿ ಒರೆಸುತ್ತೇನೆ. ಘಟಕ ಬಿಡಲು ಬರುವುದಿಲ್ಲ, ಕಾರಣ ಇದು.’ ಇದನ್ನು ತಪ್ಪಿಸಿದರೆ ಎರಡನೇ ಸಲ ಎಷ್ಟೇ ಒಳ್ಳೆಯ ಫಾರ್ಮ್ ಕೊಟ್ಟರೂ ‘ಛಲೋ’ ಅಂತಲೇ ಬರುತ್ತದೆ. ಹೇಳಿದರೆ ಮುಂದಿನ ಸಲ ಉತ್ತರ ಉದ್ದವಾಗುವುದು ಕಣ್ಣಿಗೇ ಕಾಣುತ್ತದೆ.

ಒಂದು ವಿಷಯ ಮಾತ್ರ ಪ್ರಿನ್ಸಿಪಾಲರಿಗೂ ಹೇಳಿಬಿಡಿ. ಈ ಫಾರ್ಮ್‌ನ ಅಂಕಿ ಹಿಡಿದು ಒಬ್ಬ ಶಿಕ್ಷಕರನ್ನು ಇನ್ನೊಬ್ಬರ ಜೊತೆ ಹೋಲಿಸಬಾರದು. ವಿದ್ಯಾರ್ಥಿಗಳು ಕೊಡುವ ರೇಟಿಂಗ್‌ಗೂ ಅವರು ಕಲಿತದ್ದಕ್ಕೂ ಸಂಬಂಧ ಕಾಣಲಿಲ್ಲ ಅಂತ ಬಾಬ್ ಉಟ್ಲ್ ಮತ್ತು ಜೊತೆಗಾರರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡಿ 2017ರಲ್ಲಿ ಪ್ರಕಟಿಸಿದ್ದಾರೆ. ಅಂಕಿಯ ಮೇಲೆ ಬಡ್ತಿ ನಿಂತಿದೆ ಅಂತ ಗೊತ್ತಾದರೆ ಶಿಕ್ಷಕರು ಸುಲಭದ ಪ್ರಶ್ನೆಯನ್ನೇ ಕೇಳುತ್ತಾರೆ, ವಿದ್ಯಾರ್ಥಿಗಳು ಕನಿಕರಕ್ಕೆ ಟಿಕ್ ಹಾಕುತ್ತಾರೆ. ಎಲ್ಲಿ ಸಿಕ್ಕಿಕೊಂಡರು ಎಂಬ ಮಾತು ಅಲ್ಲಿಗೆ ನಿಲ್ಲುತ್ತದೆ.

ಎಂ.ಕಾಂ.ನಂತೆ ಹತ್ತು-ಹನ್ನೆರಡು ಜನರ ತರಗತಿ ನಿಮ್ಮದಾದರೆ ಟಿಕ್ ಪ್ರಶ್ನೆ ಪೂರ್ತಿ ಬಿಡಿ. ಅಲ್ಲಿ ಒಬ್ಬರ ಮನಸ್ಸು ಬದಲಾದರೂ ಸರಾಸರಿ ಅಲುಗಾಡುತ್ತದೆ, ಬರೆದವರು ಯಾರು ಅಂತಲೂ ಗೊತ್ತಾಗಿಬಿಡುತ್ತದೆ. ಬೇರೆ ವಿಭಾಗದ ಒಬ್ಬ ಶಿಕ್ಷಕರನ್ನು ಅರ್ಧ ಗಂಟೆಗೆ ಕರೆಸಿ. ಅವರು ಮಕ್ಕಳನ್ನು ನಾಲ್ಕು ನಾಲ್ಕು ಜನರಾಗಿ ಕೂರಿಸಿ, ಕಲಿಯಲು ಯಾವುದು ಅನುಕೂಲವಾಯಿತು, ಯಾವುದು ಅಡ್ಡ ಬಂತು, ಏನು ಬದಲಾಗಬೇಕು ಅಂತ ಕೇಳಲಿ. ಪ್ರತಿ ಗುಂಪು ಒಪ್ಪಿದ್ದನ್ನು ಮಾತ್ರ ಬರೆದುಕೊಂಡು, ಹೆಸರಿಲ್ಲದೆ ನಿಮಗೆ ಕೊಡಲಿ. ನೀವೂ ಅವರ ತರಗತಿಗೆ ಹೋಗಿ ಇದೇ ಕೆಲಸ ಮಾಡಿಕೊಡಬಹುದು.