ಕಾಲೇಜಿನ ಹೆಸರು ಬೇರೆ, ಖಾತೆಯ ಹೆಸರು ಬೇರೆ

ಬ್ಯಾಂಕಿನ ಶಿಕ್ಷಣ ಸಾಲ ವಿಭಾಗದಲ್ಲಿ ಕೆಲಸ ಮಾಡುವ ನಾನು ಪ್ರತಿ ವರ್ಷ ಪ್ರವೇಶದ ದಿನಗಳಲ್ಲಿ ಒಂದೇ ಬಗೆಯ ತೊಡಕನ್ನು ಕಾಣುತ್ತೇನೆ. ಸಾಲ ಮಂಜೂರಾಗಿರುತ್ತದೆ, ವಿದ್ಯಾರ್ಥಿಯ ಸಾಲದ ಖಾತೆಗೆ ಖರ್ಚೂ ಬಿದ್ದಿರುತ್ತದೆ, ಆದರೆ ಶುಲ್ಕ ಬಂದಿಲ್ಲವೆಂದು ಕಾಲೇಜು ಹೇಳುತ್ತದೆ.

ಇತ್ತೀಚಿನ ಒಂದು ಪ್ರಕರಣದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ತಂದ ಶುಲ್ಕ ಪತ್ರದಲ್ಲಿ ಕಾಲೇಜಿನ ಹೆಸರು ಮಾತ್ರ ಇತ್ತು. ಅದೇ ಹೆಸರಿಗೆ 1,85,000 ರೂಪಾಯಿಯ ಡಿ.ಡಿ. ಹೋಯಿತು. ಕಾಲೇಜಿನ ಖಾತೆಯಾದರೋ ಅದನ್ನು ನಡೆಸುವ ಟ್ರಸ್ಟಿನ ಹೆಸರಿನಲ್ಲಿತ್ತು, ಡಿ.ಡಿ.ಯಲ್ಲಿರುವ ಹೆಸರಿಗೂ ಖಾತೆದಾರರ ಹೆಸರಿಗೂ ತಾಳೆಯಾಗದ ಕಾರಣ ಆ ಬ್ಯಾಂಕು ಅದನ್ನು ಜಮೆ ಮಾಡಿಕೊಳ್ಳಲಿಲ್ಲ. ನಮ್ಮ ರಾಜ್ಯದ ಖಾಸಗಿ ಕಾಲೇಜುಗಳಲ್ಲಿ ಬಹಳಷ್ಟನ್ನು ಟ್ರಸ್ಟು ಇಲ್ಲವೇ ಸೊಸೈಟಿ ನಡೆಸುವುದರಿಂದ ಇದು ಅಪರೂಪದ ಸಂಗತಿಯಲ್ಲ.

ಡಿ.ಡಿ. ರದ್ದು ಮಾಡಿ ನೆಫ್ಟ್ ಮೂಲಕ ಕಳಿಸಲು ಹೊರಟಾಗ ಇನ್ನೊಂದು ಪ್ರಶ್ನೆ ಎದ್ದಿತು. ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆಯೇ. ಹೆಸರು ತಪ್ಪಿದ್ದರೂ ಹಣ ಹೋಗಿಬಿಡಬಹುದು, ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಹಿಂತಿರುಗಬಹುದು ಅಥವಾ, ಇನ್ನೂ ಕೆಟ್ಟದಾಗಿ, ಯಾರದೋ ಖಾತೆಗೆ ಸೇರಬಹುದು. ಈ ಅಪಾಯ ತಪ್ಪಿಸಲೆಂದೇ ರಿಸರ್ವ್ ಬ್ಯಾಂಕು, ಹಣ ಕಳಿಸುವ ಮೊದಲು ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತ್ತು. ನಮ್ಮ ಪರದೆಯ ಮೇಲೆ ಟ್ರಸ್ಟಿನ ಹೆಸರು ಬಂತು, ಮಂಜೂರಾತಿ ಪತ್ರದಲ್ಲಿ ಕಾಲೇಜಿನ ಹೆಸರಿತ್ತು. ಎರಡಕ್ಕೂ ಇರುವ ಸಂಬಂಧವನ್ನು ತೋರಿಸುವ ಕಾಗದವಿಲ್ಲದೆ ಹಣ ಬಿಡುಗಡೆ ಮಾಡಲು ಅಧಿಕಾರಿ ಒಪ್ಪಲಿಲ್ಲ. ಅದು ಸರಿಯೇ ಎಂದು ನನ್ನ ಅಭಿಪ್ರಾಯ.

ಕೊನೆಗೆ ದಾರಿ ತೋರಿಸಿದ್ದು ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬಂದ ಒಂದು ಪತ್ರ. ಶುಲ್ಕವನ್ನು ಇಂಥ ಟ್ರಸ್ಟಿನ ಇಂಥ ಖಾತೆಗೆ ಕಟ್ಟಬೇಕೆಂದು ಪ್ರಾಂಶುಪಾಲರು ಅದರಲ್ಲಿ ಸಹಿ, ಮೊಹರಿನೊಂದಿಗೆ ತಿಳಿಸಿದ್ದರು. ಜೊತೆಗೆ ರದ್ದು ಮಾಡಿದ ಚೆಕ್ಕೊಂದಿತ್ತು. ಈಗ ನಾನು ಶುಲ್ಕ ಪತ್ರದೊಂದಿಗೇ ಇವೆರಡನ್ನೂ ಕೇಳುತ್ತೇನೆ. ಹಳೆಯ ಶುಲ್ಕ ಪತ್ರಗಳಲ್ಲಿ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳ ಕಾಲದ ಐಎಫ್‌ಎಸ್‌ಸಿ ಉಳಿದುಕೊಂಡಿರುವುದುಂಟು. ವಿಲೀನದ ನಂತರ ಅವು ಚಾಲ್ತಿಯಲ್ಲಿಲ್ಲದ ಕಾರಣ ಈಗಿನ ಚೆಕ್ಕನ್ನೇ ನೋಡಬೇಕು.

ಹಣ ಹಿಂತಿರುಗಿದಾಗ ಪೋಷಕರು ಕೇಳಬೇಕಾದದ್ದು ಇನ್ನೊಂದಿದೆ. ಹಿಂದೆ ಬಂದ ಮೊತ್ತ ಕೆಲವೊಮ್ಮೆ ಶಾಖೆಯ ತಾತ್ಕಾಲಿಕ ಖಾತೆಯಲ್ಲೇ ಉಳಿಯುತ್ತದೆ, ಸಾಲದ ಖಾತೆಯಲ್ಲಿ ಮಾತ್ರ ಬಡ್ಡಿ ಏರುತ್ತಿರುತ್ತದೆ. ಶೇಕಡಾ 10ರ ದರದಲ್ಲಿ 1,85,000 ರೂಪಾಯಿಗೆ ಹನ್ನೆರಡು ದಿನಕ್ಕೆ ಸುಮಾರು 600 ರೂಪಾಯಿ ಬಡ್ಡಿಯಾಗುತ್ತದೆ. ಆದ್ದರಿಂದ ನೆಫ್ಟ್ ಆಗಿದ್ದರೆ ಆ ವರ್ಗಾವಣೆಯನ್ನು ಗುರುತಿಸುವ ಯುಟಿಆರ್ ಸಂಖ್ಯೆಯನ್ನು, ಡಿ.ಡಿ. ಆಗಿದ್ದರೆ ಅದರ ಸಂಖ್ಯೆಯನ್ನು ಬರೆದು, ಮೊತ್ತವನ್ನು ಸಾಲದ ಖಾತೆಗೆ ಮರಳಿಸಿ ಆ ಅವಧಿಯ ಬಡ್ಡಿಯನ್ನು ಬಿಡಬೇಕೆಂದು ಶಾಖೆಗೆ ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಪಡೆಯಬೇಕು.