ಹೆಸರು ಹಿಡಿದು ಬರೆದದ್ದು

‘ನನ್ನ ಅಕ್ಕ ತೀರಿಹೋದ ಮೇಲೆ ನನ್ನನ್ನು ಬರೀ ಹೆಸರು ಹಿಡಿದು ಕರೆದವರು ನೀವೇ.’

ಬುಧವಾರ ರಾತ್ರಿ ಬಂದ ಇಮೇಲಿನಲ್ಲಿ ಕನ್ನಡದಲ್ಲಿದ್ದದ್ದು ಇದೊಂದೇ ಸಾಲು, ಕೊನೆಯಲ್ಲಿ. ಮೇಲಿನದೆಲ್ಲ ಇಂಗ್ಲಿಷ್. ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಒಂದೂ ಬಿಡದೆ ಉತ್ತರ ಕೊಟ್ಟಿದ್ದರು. ಆಮೇಲೆ ಈ ಸಾಲು.

ಬದಿಯಡ್ಕದ ಹತ್ತಿರದ ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಹಳೆಯ ಫೋಟೋ ಬೇಕಿತ್ತು. ಅದು ಮುಂಬೈಯಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರ ಹತ್ತಿರ ಇದೆಯೆಂದು ಗೊತ್ತಾಯಿತು. ಎಂಬತ್ತರ ಹತ್ತಿರದ ಪ್ರಾಯ, ನಾನು ಮುಖ ಕಂಡವಳಲ್ಲ. ಮುಂಬೈಯವರು ಅಂತ ಇಂಗ್ಲಿಷಿನಲ್ಲಿ ಬರೆದೆ. ಆಫೀಸಿನ ರೂಢಿಯಂತೆ ‘ಡಿಯರ್’ ಹಾಕಿ, ಅದರ ಮುಂದೆ ಅವರ ಹೆಸರು. ‘ಪ್ಲೀಸ್ ಸೆಂಡ್’ ಅಂತ ಸೇರಿಸಿ, ಶುಕ್ರವಾರದೊಳಗೆ ಬೇಕು ಅಂತಲೂ ಹೇಳಿದೆ.

ಅಮ್ಮನಿಗೆ ಆ ಸಾಲು ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ: ‘ಹೆಸರು ಹಿಡಿದು ಬರೆದ್ಯಾ? ಅವರಿಗೆ?’

ಅವರೇ ನಮ್ಮ ಜಗಲಿಗೆ ಬಂದಿದ್ದರೆ ನಾನು ಹಾಗೆ ಕರೆಯುತ್ತಿದ್ದೆನೇ? ‘ಭಟ್ರೇ, ಕುಳಿತುಕೊಳ್ಳಿ, ಆಸರಿಗೆ ಏನು ಕೊಡಲಿ’ ಅನ್ನುತ್ತಿದ್ದೆ. ನಮ್ಮ ಕಡೆ ಹಿರಿಯರ ಹೆಸರು ಬಾಯಿಗೆ ಬರುವುದೇ ಇಲ್ಲ. ಭಟ್ರು, ಶೆಟ್ರು, ರೈಗಳು, ಪೈಗಳು ಅಂತ ಕುಲನಾಮಕ್ಕೆ ಬಹುವಚನ ಹಚ್ಚುತ್ತೇವೆ. ಪಾಠ ಹೇಳಿದವರಾದರೆ ಮಾಷ್ಟ್ರು, ಹೆಂಗಸರಾದರೆ ಟೀಚರ್. ಹೆಸರಿಗೆ ‘ಅವರೇ’ ಸೇರಿಸಿದರೆ ಸಾಕು ಅಂತ ಈಗಿನವರು ತಿಳಿದಿದ್ದಾರೆ. ವೇದಿಕೆಯ ಮೇಲೆ ಅದು ನಡೆಯುತ್ತದೆ, ಅಜ್ಜನ ಪ್ರಾಯದವರಿಗೆ ಬರೆಯುವಾಗ ನನಗೆ ಸಾಲದು ಅನ್ನಿಸುತ್ತದೆ.

ಇಂಗ್ಲಿಷಿನಲ್ಲೂ ದಾರಿ ಇತ್ತು, ನಾನು ಹಿಡಿಯಲಿಲ್ಲ. ಗುರುತಿಲ್ಲದ ಹಿರಿಯರಿಗೆ ‘ಡಿಯರ್ ಸರ್’, ಇಲ್ಲವೇ ಮಿಸ್ಟರ್ ಹಾಕಿ ಕುಲನಾಮ. ಆದರೆ ನಮ್ಮವರ ಹೆಸರಿನಲ್ಲಿ ಯಾವುದು ಕುಲನಾಮ ಎಂದು ನೋಡಿಕೊಳ್ಳಬೇಕು. ಮಂಜೇಶ್ವರ ಗೋವಿಂದ ಪೈ ಎಂದರೆ ಮೊದಲನೆಯದು ಊರು, ನಡುವಿನದು ಹೆಸರು, ಕೊನೆಯದು ಕುಲನಾಮ. ಮಿಸ್ಟರ್ ಮುಂದೆ ಪೈ ಬರಬೇಕು, ಮಂಜೇಶ್ವರ ಅಲ್ಲ, ಗೋವಿಂದವೂ ಅಲ್ಲ. ಹೆಸರಿನ ಹಿಂದೆ ಅಪ್ಪನ ಇನಿಶಿಯಲ್ ಮಾತ್ರ ಇದ್ದವರಿಗೆ ಕುಲನಾಮವೇ ಇರುವುದಿಲ್ಲ. ಅಲ್ಲಿ ‘ಸರ್’ ಅಥವಾ ‘ಮೇಡಂ’ ಕ್ಷೇಮ.

ಇಂಗ್ಲಿಷಿನ ‘ಯೂ’ಗೆ ನೀನು, ನೀವು ಎಂಬ ಭೇದ ಇಲ್ಲ. ಹಾಗಾಗಿ ಅಲ್ಲಿ ಮರ್ಯಾದೆಯ ಭಾರವೆಲ್ಲ ಸಂಬೋಧನೆಯ ಮೇಲೆ, ಕೇಳುವ ರೀತಿಯ ಮೇಲೆ ಬೀಳುತ್ತದೆ. ನಾನು ಎರಡನ್ನೂ ಕೈಬಿಟ್ಟಿದ್ದೆ. ಕನ್ನಡದಲ್ಲಿ ಕ್ರಿಯಾಪದವೂ ಸ್ವಲ್ಪ ಹೊರುತ್ತದೆ, ಆದರೆ ‘ದಯವಿಟ್ಟು ಕಳಿಸಿ’ ಅಂದರೆ ಅದು ‘ದಯವಿಟ್ಟು ಚಪ್ಪಲಿ ಹೊರಗೆ ಬಿಡಿ’ ಎಂಬ ಬೋರ್ಡಿನ ಹಾಗೆಯೇ ಕೇಳುತ್ತದೆ. ‘ಕಳಿಸಿಕೊಡಬಹುದೇ’ ಅಂದಾಗ ಅವರಿಗೆ ಇಲ್ಲ ಅನ್ನಲು ಜಾಗ ಉಳಿಯುತ್ತದೆ. ‘ಡಿಯರ್’ ಅನ್ನು ‘ಪ್ರಿಯ’ ಮಾಡಿದರೂ ತಪ್ಪುತ್ತದೆ. ಚಿಕ್ಕವಳು ಹಿರಿಯರಿಗೆ ‘ಪ್ರಿಯ’ ಅನ್ನುವುದು ನಮ್ಮಲ್ಲಿ ಇಲ್ಲ.

ಒಂದು ಭಾಷೆಯ ಮರ್ಯಾದೆಯನ್ನು ಇನ್ನೊಂದಕ್ಕೆ ಹಾಗೆಯೇ ದಾಟಿಸಲು ಹೋಗಿ ನಾನು ಹಿಂದೆಯೂ ಎಡವಿದ್ದೆ. ತಿರುವನಂತಪುರ ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಮಲಯಾಳದಲ್ಲಿ ‘ನಿಙ್ಙಳ್’ ಅಂದುಬಿಟ್ಟೆ. ನಮ್ಮ ‘ನೀವು’ ಇದ್ದ ಹಾಗೆ ಅಂದುಕೊಂಡಿದ್ದೆ. ಕಾಸರಗೋಡು, ಕಣ್ಣೂರು ಕಡೆ ಅದು ಮರ್ಯಾದೆಯ ಮಾತೇ. ತೆಂಕಣದಲ್ಲಿ ಹಿರಿಯರಿಗೆ ಅದು ಉದ್ಧಟತನ. ಅವರು ಎರಡು ದಿನ ಮುಖ ಕೊಡಲಿಲ್ಲ. ನನಗೆ ಹೇಳಬಹುದಿತ್ತು ಅವರು.

ಭಟ್ಟರು ಹೇಳಿದರು. ಆದರೆ ಏನು ಹೇಳಿದರು? ಸಾಲನ್ನು ಎಷ್ಟು ಸಲ ಓದಿದೆನೋ. ಒಮ್ಮೆ ಬೇಸರ ಕಾಣುತ್ತದೆ, ಒಮ್ಮೆ ಬರೀ ಅಕ್ಕ ಕಾಣುತ್ತಾಳೆ. ಪ್ರಾಯ ಆದ ಹಾಗೆ ಸುತ್ತಲಿನವರೆಲ್ಲ ಭಟ್ರೇ, ಮಾವ, ಅಜ್ಜ ಅನ್ನುತ್ತಾರೆ, ಹೆಸರು ಹಿಡಿದು ಕರೆಯುವ ಹಕ್ಕಿದ್ದವರು ಒಬ್ಬೊಬ್ಬರೇ ಹೋಗಿಬಿಡುತ್ತಾರೆ. ಆ ಹಕ್ಕು ನನಗೆ ಇರಲಿಲ್ಲ.

ಗುರುವಾರ ಬೆಳಿಗ್ಗೆ ಕನ್ನಡದಲ್ಲಿ ಬರೆದೆ. ಮೊದಲು ‘ತಾವು’ ಹಾಕಿದೆ. ಮೂರನೇ ಸಾಲಿಗೆ ‘ನಿಮ್ಮ’ಕ್ಕೆ ಜಾರಿತ್ತು. ಆಮಂತ್ರಣ ಪತ್ರಿಕೆಯ ಹಾಗೆಯೂ ಕಂಡಿತು. ಅಳಿಸಿ ಉದ್ದಕ್ಕೂ ‘ನೀವು’ ಇಟ್ಟೆ:

‘ಭಟ್ಟರಿಗೆ ನಮಸ್ಕಾರ. ಮೊನ್ನೆ ನಿಮ್ಮನ್ನು ಹೆಸರು ಹಿಡಿದು ಸಂಬೋಧಿಸಿದ್ದು ನನ್ನ ತಪ್ಪು, ಕ್ಷಮಿಸಬೇಕು. ಅನುಕೂಲವಾದಾಗ ಆ ಫೋಟೋ ಕಳಿಸಿಕೊಡಬಹುದೇ? ಅವಸರವಿಲ್ಲ.’

ಸಂಜೆ ಫೋಟೋ ಬಂತು. ಹಂಚಿನ ಮಾಡಿನ ಶಾಲೆ, ಮುಂದೆ ಎರಡು ಸಾಲು ಮಕ್ಕಳು. ತಾನು ಎಲ್ಲಿ ನಿಂತಿದ್ದೇನೆ, ಅಕ್ಕ ಎಲ್ಲಿ ಅಂತ ಬರೆದಿದ್ದರು. ಕೆಳಗೆ ಸಹಿ ಹಾಕಿದ್ದರು: ಭಟ್ ಇಲ್ಲ, ಇನಿಶಿಯಲ್ ಇಲ್ಲ, ಬರೀ ಹೆಸರು.